ಅಕ್ಕನ ಲೆಕ್ಕದ ನಲವತ್ತು ಮಂದಿ

ವಾಣಿಜ್ಯ ವಿಭಾಗದಲ್ಲಿ ಅವರಿಗೆ ‘ಚಿಲ್ಲರೆ ಮೇಡಂ’ ಎಂದು ಹೆಸರು. ಪ್ರವಾಸಕ್ಕೆಂದು ವಸೂಲು ಮಾಡಿದ ಹಣದಲ್ಲಿ ಉಳಿದದ್ದನ್ನು ತಲೆಗಿಷ್ಟು ಎಂದು ಭಾಗಿಸಿ, ನಾಣ್ಯಗಳನ್ನು ಕಾಗದದಲ್ಲಿ ಪೊಟ್ಟಣ ಕಟ್ಟಿ ಮಕ್ಕಳಿಗೆ ಹಿಂದಿರುಗಿಸಿದ ಏಕೈಕ ಅಧ್ಯಾಪಕಿ ಅವರು. ಚಿಲ್ಲರೆ ಕೊಟ್ಟವರಿಗೇ ಚಿಲ್ಲರೆ ಬುದ್ಧಿ ಎನ್ನುವ ಬಿರುದೂ ಬಂತು. ಎರಡನ್ನೂ ಅವರು ಒಂದೇ ಪರ್ಸಿಗೆ ಹಾಕಿಕೊಂಡರು.

ವಿಭಾಗದ ಮುಖ್ಯಸ್ಥೆ ಎಲ್ಲರಿಗೂ ‘ಅಕ್ಕ’. ಮೇಡಂಗೆ ಮಾತ್ರ ನಿಜವಾದ ಅಕ್ಕ. ಇವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ತನ್ನ ಮೇಜಿನ ಅರ್ಧ ಬಿಟ್ಟುಕೊಟ್ಟವಳು, ಮಗುವಿಗೆ ಜ್ವರ ಬಂದ ವಾರವೆಲ್ಲ ಇವರ ಪಾಠವನ್ನೂ ತಾನೇ ಮಾಡಿದವಳು. ಆಮೇಲೆ ಅಕ್ಕನಿಗೆ ದೊಡ್ಡ ಕೋಣೆ ಬಂತು. ಆದರೂ ಮಧ್ಯಾಹ್ನದ ಊಟ ಇಬ್ಬರದೂ ಆ ಹಳೆಯ ಮೇಜಿನ ಮೇಲೇ.

ಎರಡು ದಿನಗಳ ವಿಚಾರ ಸಂಕಿರಣ ನಡೆಸಬೇಕೆಂದು ನಿರ್ಧಾರವಾದದ್ದೂ ಅಲ್ಲಿಯೇ. ಅಕ್ಕ ಸಂಚಾಲಕಿ, ಮೇಡಂ ಖಜಾಂಚಿ.

“ಎಷ್ಟು ಜನ ಬಂದ್ರೆ ನಾವು ಮುಳುಗಲ್ಲ, ಅಷ್ಟು ಹೇಳು ಸಾಕು,” ಎಂದಳು ಅಕ್ಕ.

ಮೇಡಂ ಡಬ್ಬಿಯ ಮುಚ್ಚಳ ಪಕ್ಕಕ್ಕಿಟ್ಟು ಲೆಕ್ಕ ಹಾಕಿದರು. ಸಭಾಂಗಣ, ಧ್ವನಿವರ್ಧಕ, ಮುದ್ರಣ, ಅತಿಥಿ ಭಾಷಣಕಾರರ ಓಡಾಟ ಮತ್ತು ವಸತಿ: ಒಬ್ಬರು ಬಂದರೂ ಇನ್ನೂರು ಜನ ಬಂದರೂ ಇದು ಎರಡು ಲಕ್ಷ ನಲವತ್ತು ಸಾವಿರ. ಬಂದವರ ಊಟ, ಚಹಾ, ಚೀಲಕ್ಕೆ ತಲೆಗೆ ಒಂದು ಸಾವಿರ. ನೋಂದಣಿ ಶುಲ್ಕ ಅಧ್ಯಾಪಕರಿಗೆ ಮೂರು ಸಾವಿರ, ವಿದ್ಯಾರ್ಥಿಗಳಿಗೆ ಒಂದೂವರೆ. ಅಂದರೆ ಊಟದ ಖರ್ಚು ಕಳೆದು ಒಬ್ಬ ಅಧ್ಯಾಪಕ ಉಳಿಸಿಕೊಡುವುದು ಎರಡು ಸಾವಿರ, ಒಬ್ಬ ವಿದ್ಯಾರ್ಥಿ ಐನೂರು. ಇಬ್ಬರು ಅಧ್ಯಾಪಕರಿಗೆ ಒಬ್ಬ ವಿದ್ಯಾರ್ಥಿ ಬಂದರೆ ಸರಾಸರಿ ಒಂದೂವರೆ ಸಾವಿರ. ಎರಡು ಲಕ್ಷ ನಲವತ್ತು ಸಾವಿರವನ್ನು ಅದರಿಂದ ಭಾಗಿಸಿದರೆ ನೂರ ಅರವತ್ತು.

“ನೂರ ಅರವತ್ತು ಜನ. ಆದ್ರೆ ಅಕ್ಕಾ, ದುಡ್ಡು ಕಟ್ಟಿದ ನೂರ ಅರವತ್ತು. ಪುಕ್ಕಟೆ ಬಂದೋನು ನಮಗೆ ಸೊನ್ನೆ ಅಲ್ಲ, ಸೊನ್ನೆಗಿಂತ ಕೆಳಗೆ. ಒಂದು ಸಾವಿರ ತಿಂದು ಕೈ ತೊಳ್ಕೊಂಡು ಹೋಗ್ತಾನೆ.”

“ಗೊತ್ತು ಕಣೇ. ಕಟ್ಟಿದವರು ಮಾತ್ರ,” ಎಂದು ಅಕ್ಕ ತಲೆಯಾಡಿಸಿದಳು. ಬೆರಳಿನಿಂದ ಮೇಜಿನ ಮೇಲೆ ನೂರ ಅರವತ್ತು ಎಂದು ಬರೆದು ಅಡಿಗೆರೆ ಕೂಡ ಎಳೆದಳು.

ದೂರದೂರಿನ ಬಡ ವಿದ್ಯಾರ್ಥಿಗಳ ಪ್ರಯಾಣ ವೆಚ್ಚಕ್ಕೆ ಒಂದು ದತ್ತಿ ಸಂಸ್ಥೆ ಅರವತ್ತು ಸಾವಿರ ಕೊಟ್ಟಿತು. ಅದು ಬಜೆಟ್ಟಿನ ಹೊರಗಿನ ಹಣ: ಪ್ರಯಾಣಕ್ಕೆ ಮಾತ್ರ, ಬಳಸದಿದ್ದರೆ ವಾಪಸ್. ಹನ್ನೆರಡು ಜನರನ್ನು ಆರಿಸಿ, ಟಿಕೆಟ್ ತೋರಿಸಿದರೆ ತಲಾ ಐದು ಸಾವಿರದವರೆಗೆ ಕೊಡುತ್ತೇವೆಂದು ಮೇಡಂ ಪತ್ರ ಕಳಿಸಿದರು. ಕೆಳಗೆ ಅವರದೇ ಸಹಿ.

ಸಂಕಿರಣದ ಮೊದಲ ಬೆಳಗ್ಗೆ ನೋಂದಣಿ ಮೇಜಿಗೆ ಒಬ್ಬರು ಸೂಟು ಹಾಕಿಕೊಂಡು ಬಂದರು. ರಸೀದಿ ಕೇಳಿದ್ದಕ್ಕೆ, “ನಮ್ದು ಅಕ್ಕನ ಲೆಕ್ಕ,” ಎಂದರು. ಹಿಂದೆಯೇ ಅವರ ಶ್ರೀಮತಿ, ಅದೂ ಅಕ್ಕನ ಲೆಕ್ಕ. ಹನ್ನೊಂದು ಗಂಟೆಯ ಹೊತ್ತಿಗೆ ಆ ಲೆಕ್ಕ ಎಲ್ಲಿಯವರೆಗೆ ಬೆಳೆಯಿತೆಂದರೆ, ನಿಜವಾಗಿ ಹಣ ಕಟ್ಟಿದವರು ಸಾಲಿನಲ್ಲಿ ನಾಚಿಕೊಂಡು ನಿಲ್ಲುವಂತಾಯಿತು. ಮೇಡಂ ಕಂಬದ ಮರೆಗೆ ಹೋಗಿ ಫೋನ್ ಮಾಡಿದರು.

“ಬ್ಯಾಡ್ಜ್ ಕೊಟ್ಟು ಕಳ್ಸೇ, ಚಿನ್ನ. ನಾಳೆ ದಿನ ನನ್ನ ಬಡ್ತಿ ಸಮಿತಿಯಲ್ಲಿ ಕೂರೋರು ಅವ್ರಲ್ಲಿದ್ದಾರೆ. ಪ್ರಾಯೋಜಕರೊಬ್ಬರು ಒಪ್ಪಿದ್ದಾರೆ, ನಾನು ತುಂಬಿಸ್ತೀನಿ. ನಾನಿದೀನಲ್ಲ?”

ಅಕ್ಕ ಇದ್ದಳು. ಮೇಡಂ ಬ್ಯಾಡ್ಜ್ ಕೊಟ್ಟರು. ಎರಡು ದಿನಕ್ಕೆ ನಲವತ್ತು. ಬರೆಸಿಕೊಳ್ಳಬೇಕೆಂದು ತೋಚಲೇ ಇಲ್ಲ. ಅಕ್ಕನ ಹತ್ತಿರ ಯಾರು ಬರೆಸಿಕೊಳ್ಳುತ್ತಾರೆ?

ಮುಂದಿನ ವಾರ ಸಂಕಿರಣ ಸಮಿತಿಯ ಸಭೆ. ಪ್ರಾಯೋಜಕರು ಒಪ್ಪಿದ್ದೂ ಇಲ್ಲ, ಬಂದದ್ದೂ ಇಲ್ಲ. ಹಣ ಕಟ್ಟಿದವರು ನೂರು ಅಧ್ಯಾಪಕರು, ಐವತ್ತು ವಿದ್ಯಾರ್ಥಿಗಳು. ಅವರು ಉಳಿಸಿದ್ದು ಎರಡು ಲಕ್ಷ ಇಪ್ಪತ್ತೈದು ಸಾವಿರ, ಪುಕ್ಕಟೆ ನಲವತ್ತು ಮಂದಿ ತಿಂದದ್ದು ನಲವತ್ತು ಸಾವಿರ. ಕೊರತೆ ಐವತ್ತೈದು ಸಾವಿರ. ಅಡುಗೆ ಗುತ್ತಿಗೆದಾರ ಬಾಕಿಗಾಗಿ ಹೊರಗೆ ಬೆಂಚಿನ ಮೇಲೆ ಕೂತಿದ್ದ.

ಅಕ್ಕ ಎದ್ದು ನಿಂತಳು. “ನಮ್ಮ ಖಜಾಂಚಿ ನೂರ ಅರವತ್ತು ಜನ ಬಂದ್ರೆ ನಷ್ಟ ಇಲ್ಲ ಅಂದಿದ್ರು. ಬಂದಿದ್ದು ನೂರ ತೊಂಬತ್ತು. ಆದ್ರೂ ನಷ್ಟ. ಯಾರನ್ನೂ ದೂರ್ತಿಲ್ಲ. ಅಂದಾಜು ಎಲ್ಲೋ ತಪ್ಪಿದೆ, ಅಷ್ಟೆ.”

ಮೇಡಂಗೆ ಒಂದು ಕ್ಷಣ ಭಾಷೆಯೇ ಅರ್ಥವಾಗಲಿಲ್ಲ. ಆ ಸಂಖ್ಯೆಯ ಕೆಳಗೆ ಗೆರೆ ಎಳೆದ ಬೆರಳು ಎದುರಿಗೇ ಇತ್ತು. ಉಂಗುರವೂ ಅದೇ.

“ಅಕ್ಕಾ, ನಲವತ್ತು ಜನ ಕಟ್ಟೇ ಇಲ್ವಲ್ಲ.”

“ಕಟ್ಟದೆ ಒಳಗೆ ಹ್ಯಾಗೆ ಬಂದ್ರು? ಬಾಗಿಲ ಮೇಜಲ್ಲಿ ಕೂತಿದ್ದು ನೀನೇ ತಾನೆ?”

“ನೀವೇ ಫೋನಲ್ಲಿ…”

“ನಾನು ನೂರು ಜನಕ್ಕೆ ನೂರು ಫೋನ್ ಮಾಡಿರ್ತೀನಿ, ಮೇಡಂ.”

‘ಚಿನ್ನ’ ಕರಗಿ ‘ಮೇಡಂ’ ಆಗಿತ್ತು. ಸಮಿತಿಯ ಸದಸ್ಯರು ಬಿಸ್ಕತ್ತಿನ ಅಂಚನ್ನು ಗಹನವಾಗಿ ಅಧ್ಯಯನ ಮಾಡತೊಡಗಿದರು. ಆ ನಲವತ್ತರಲ್ಲಿ ಒಬ್ಬರ ಭಾವ, ಒಬ್ಬರ ಗುರುಗಳು, ಒಬ್ಬರ ಅತ್ತೆಯೂ ಇದ್ದರು. ಅತ್ತೆಯನ್ನು ಬಿಟ್ಟುಕೊಟ್ಟು ಸತ್ಯ ಹೇಳುವ ಧೈರ್ಯ ಯಾವ ಅಳಿಯನಿಗಿದೆ?

ಅಕ್ಕನ ಮುಂದಿನ ಮಾತು ತಣ್ಣಗಿತ್ತು. “ಪ್ರಯಾಣದ ಅರವತ್ತು ಸಾವಿರ ಹಾಗೇ ಇದೆ. ಸದ್ಯಕ್ಕೆ ಅದರಲ್ಲಿ ಹೊಂದಿಸೋಣ. ಹುಡುಗ್ರಿಗೆ ಪ್ರಮಾಣಪತ್ರ ಕೊಟ್ಟಿದೀವಲ್ಲ, ಖುಷಿಯಾಗಿದ್ದಾರೆ.”

ಹಿಂದಿನ ದಿನವಷ್ಟೇ ಆ ಹನ್ನೆರಡರಲ್ಲಿ ಒಬ್ಬಳು ಫೋನ್ ಮಾಡಿದ್ದಳು. “ಮೇಡಂ, ಅವಸರ ಮಾಡ್ತಿದೀನಿ ಅಂದ್ಕೋಬೇಡಿ. ಚಿಕ್ಕಮ್ಮನ ಹತ್ರ ಕೈಗಡ ಇಸ್ಕೊಂಡು ಬಂದಿದ್ದೆ. ನಿಮ್ಮ ಪತ್ರ ತೋರ್ಸಿದ್ಮೇಲೇ ಅವ್ರು ಕೊಟ್ಟಿದ್ದು.”

ಬ್ಯಾಂಕಿನ ಖಾತೆ ಜಂಟಿ. ಇಬ್ಬರ ಸಹಿ ಇಲ್ಲದೆ ಒಂದು ಕಾಸೂ ಅಲುಗುವಂತಿಲ್ಲ. ಅಕ್ಕ ಗುತ್ತಿಗೆದಾರನ ಹೆಸರಿನ ಚೆಕ್ಕನ್ನು ಇತ್ತ ತಳ್ಳಿದಳು. ಮೇಡಂ ಅದನ್ನು ಅತ್ತ ತಳ್ಳಿದರು.

“ಅಂದಾಜು ತಪ್ಪಾಯ್ತು ಅಂತ ಬರ್ಕೊಳ್ಳಿ, ಅಕ್ಕಾ. ನಡಾವಳಿಯಲ್ಲಿ ನನ್ನ ಹೆಸರಲ್ಲೇ ಬರ್ಕೊಳ್ಳಿ. ಇದಕ್ಕೆ ಮಾತ್ರ ಸಹಿ ಹಾಕಲ್ಲ. ಹುಡುಗ್ರಿಗೆ ಕೊಡ್ದಿದ್ರೆ ಇದು ದತ್ತಿಯವ್ರಿಗೆ ವಾಪಸ್. ಯಾಕೆ ವಾಪಸ್ ಅಂತ ಅವ್ರು ಕೇಳ್ತಾರೆ, ನಾನು ಹೇಳ್ತೀನಿ.”

ಚಿಲ್ಲರೆ ಬುದ್ಧಿ ಎಂದು ಯಾರೋ ಮೆಲ್ಲಗೆ ಅಂದರು. ದತ್ತಿಯವರ ಹೆಸರು ಕೇಳಿ ಅಕ್ಕ ಆ ಚೆಕ್ಕನ್ನು ಹಿಂತೆಗೆದುಕೊಂಡಳು. ಆಮೇಲೆ ಹನ್ನೆರಡು ಚೆಕ್ಕುಗಳನ್ನು ತರಿಸಿ, ತಲೆಯೆತ್ತದೆ, ಒಂದೊಂದಕ್ಕೂ ಸಹಿ ಹಾಕಿದಳು. ಕಾಲೇಜಿನ ಅಭಿವೃದ್ಧಿ ನಿಧಿಯಿಂದ ಗುತ್ತಿಗೆದಾರನ ಬಾಕಿ ತೀರಿತು. ‘ಖಜಾಂಚಿಯವರ ಅಂದಾಜಿನ ದೋಷದಿಂದ ಕೊರತೆ ಉಂಟಾಗಿ’ ಎಂದು ನಡಾವಳಿ ಬರೆದುಕೊಂಡರು. ಮೇಡಂ ಅದನ್ನು ಓದಿದರು. ‘ಉಂಟಾಗಿ’ಯ ಮುಂದೆ ಅಲ್ಪವಿರಾಮ ಬೇಕು ಎಂದರು, ಅಷ್ಟೇ. ಮನೆಗೆ ಹೋಗಿ ಯಜಮಾನರ ಮುಂದೆ ಅತ್ತದ್ದು ಕೊರತೆಗಲ್ಲ, ದೋಷಕ್ಕೂ ಅಲ್ಲ. “‘ಮೇಡಂ’ ಅಂದ್ಬಿಟ್ರು ರೀ,” ಎಂದು.

ಹಳೆಯ ಮೇಜಿನ ಮೇಲೆ ಈಗ ಒಂದೇ ಡಬ್ಬಿ. ಅಕ್ಕನಿಗೆ ಬಡ್ತಿಯಾಯಿತು.

ಮರುವರ್ಷ ಮತ್ತೆ ಸಂಕಿರಣ. ಹೊಸ ಖಜಾಂಚಿ, ಹೊಸ ಅಂದಾಜು, ಅದೇ ಸಂಚಾಲಕಿ. ನೋಂದಣಿ ಮೇಜು ತೆರೆಯುತ್ತಲೇ ಮೊದಲು ಬಂದು ನಿಂತವರು ಚಿಲ್ಲರೆ ಮೇಡಂ. ಪೂರ್ತಿ ಮೂರು ಸಾವಿರದ ನೋಟು ಎಣಿಸಿ ಇಟ್ಟರು.

ಹೊಸ ಖಜಾಂಚಿ ಗಾಬರಿಯಾದ. “ಅಯ್ಯೋ, ನೀವ್ಯಾಕೆ ಕಟ್ತೀರಿ? ನಮ್ಮ ವಿಭಾಗದವರು. ನಿಮ್ಮನ್ನ ಹಾಗೇ ಬಿಡೋಕೆ ಹೇಳಿದ್ದಾರೆ, ಅಕ್ಕನ ಲೆಕ್ಕದಲ್ಲಿ ಸೇರಿಸ್ತೀನಿ.”

“ಆ ಲೆಕ್ಕದಲ್ಲಿ ನಾನಿಲ್ಲಪ್ಪ,” ಎಂದರು ಮೇಡಂ. “ರಸೀದಿ ಕೊಡು. ನೀನೂ ಯಾರನ್ನಾದ್ರೂ ಹಾಗೇ ಬಿಡೋ ಮುಂಚೆ, ಹೇಳ್ದೋರ ಹತ್ರ ಬರೆಸ್ಕೋ.”