ಮುಗಿದ ಮೇಲೆ, ಕಡಿದ ಮೇಲೆ

ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಕ್ಕೆ ಹೋಗುತ್ತಾ ಕೆಳಗೆ ಇಳಿಯುತ್ತದೆ. ಒಂಬತ್ತನೇ ತರಗತಿಗೇ ಶಾಲೆ ಬಿಟ್ಟವಳು, ಪದಗಳೂ ಕಡಿಮೆ. ಓದುವವರು ಮನ್ನಿಸಬೇಕು. ಇದು ನನ್ನ ದೊಡ್ಡವ್ವ ಗೋವಿಂದಮ್ಮನ ವಿಷಯ. ನನ್ನದೊಂದು ತಪ್ಪೂ ಇದರಲ್ಲಿ ಸೇರಿರುವುದರಿಂದ ನಾನೇ ಬರೆಯಬೇಕು.

ದೊಡ್ಡವ್ವ ನನ್ನ ಅವ್ವನ ಅಕ್ಕ, ನಮ್ಮ ಮನೆಯಲ್ಲೇ ಇರುವವಳು. ಅವಳಿಗೆ ಸ್ವಂತ ಜಮೀನಿಲ್ಲ. ಮೂವತ್ತು ವರ್ಷ ಬೇರೆಯವರ ಗದ್ದೆಯಲ್ಲಿ ನಾಟಿ ಹಾಕಿದ್ದಾಳೆ, ಕಳೆ ಕಿತ್ತಿದ್ದಾಳೆ. ಕೆಸರಿನಲ್ಲಿ ನಿಂತು ನಿಂತು ಕಾಲ್ಬೆರಳ ಸಂದಿಯ ಚರ್ಮ ಬೇಸಿಗೆಯಲ್ಲೂ ಬೆಳ್ಳಗೇ ಇರುತ್ತದೆ. ನಡುವೆ ಕೆಲವು ವರ್ಷ ವಾರಕ್ಕೆ ಗದ್ದೆ ಮಾಡಿದಳು. ವಾರ ಎಂದರೆ ಬೆಳೆದ ಭತ್ತದಲ್ಲಿ ಅರ್ಧ ಜಮೀನಿನವರಿಗೆ, ಅರ್ಧ ಇವಳಿಗೆ. ಆದರೆ ಒಂದು ಗದ್ದೆ ಎರಡು ವರ್ಷ ಅವಳ ಕೈಯಲ್ಲಿ ಉಳಿಯುತ್ತಿರಲಿಲ್ಲ. ಉಳುವವರು ಜಮೀನಿನ ಮೇಲೆ ಹಕ್ಕು ಕೇಳಿಬಿಡುತ್ತಾರೆ ಎಂಬ ಹೆದರಿಕೆಗೆ ಜಮೀನಿನವರು ಬದಲಾಯಿಸುತ್ತಲೇ ಇದ್ದರು. ಹಾಗಾಗಿ ದೊಡ್ಡವ್ವ ಯಾವ ಗದ್ದೆಗೂ ಮನಸ್ಸಿಟ್ಟು ಗೊಬ್ಬರ ಹೊಡೆದವಳಲ್ಲ.

ಎರಡು ಸಾವಿರದ ಐದನೇ ಇಸವಿ, ಸಂಕ್ರಾಂತಿ ಆದ ಮೇಲೆ, ಪಕ್ಕದ ಹದಿನಾರು ಎಂಬ ಊರಿನ ದೊಡ್ಡಸಿದ್ದಯ್ಯನವರು ತಮ್ಮ ನಾಲೆ ಬಯಲಿನ ಒಂದು ಎಕರೆಯನ್ನು ಕಬ್ಬಿಗೆಂದು ಅವಳಿಗೆ ಗುತ್ತಿಗೆ ಕೊಡಲು ಒಪ್ಪಿದರು. ಪತ್ರ ಬರೆಯಲು ದೊಡ್ಡವ್ವ ನನ್ನನ್ನು ಕರೆದುಕೊಂಡು ಹೋದಳು. ಆಗ ನನಗೆ ಹದಿನೈದು. ಅವರು ಜಗಲಿಯ ಮೇಲೆ ಕುಳಿತರು, ದೊಡ್ಡವ್ವ ಕೆಳಗೆ ನಿಂತಳು, ನಾನು ಮೆಟ್ಟಿಲ ಮೇಲೆ ಕುಳಿತು ಮಂಡಿಯ ಮೇಲೆ ಹಲಗೆ ಇಟ್ಟುಕೊಂಡೆ. ಛಾಪಾ ಕಾಗದ ಬೇಡ, ಜಮೀನು ಗುತ್ತಿಗೆಗೆ ಕೊಡುವುದನ್ನು ಕಾನೂನೇ ಒಪ್ಪುವುದಿಲ್ಲ, ಇದು ಯಾವ ಆಫೀಸಿಗೂ ಹೋಗುವ ಕಾಗದವಲ್ಲ, ನಮ್ಮ ನಮ್ಮ ಜ್ಞಾಪಕಕ್ಕೆ ಮಾತ್ರ ಎಂದು ಅವರು ಮೊದಲೇ ಹೇಳಿದರು. ಅವರು ಹೇಳುತ್ತಾ ಹೋದರು, ನಾನು ನೋಟ್‌ಬುಕ್ಕಿನ ಹಾಳೆಯಲ್ಲಿ ಗೀಚಿಕೊಂಡೆ.

ಗುತ್ತಿಗೆ ಪ್ರತಿ ಯುಗಾದಿಗೆ ನಾಲ್ಕು ಸಾವಿರ. ನೀರಿನ ಕಂದಾಯ ಬೇಸಾಯ ಮಾಡುವವರದು. ನಾಲೆಯ ಸರದಿ ಬಂದಾಗ ಮೊದಲು ಅವರ ಮೇಲಿನ ಗದ್ದೆಗೆ, ಅದು ತುಂಬಿದ ಮೇಲೆ ಕೆಳಗಿನ ಕಬ್ಬಿಗೆ. ಮೇಲಿನ ಗದ್ದೆಯ ಬದು ಒಡೆಯಬಾರದು. ಗೇಣಿ ಹಕ್ಕು ಕೇಳಬಾರದು. ಕೊನೆಯದು, ಜಮೀನು ಬಿಡುವುದು. ಅದಕ್ಕೆ ಅವರು "ಕಬ್ಬು ಮುಗುದ್ಮೇಲೆ ಬುಟ್ಬುಡ್ಬೇಕು" ಎಂದರು. ದೊಡ್ಡವ್ವ "ಸರಿ ಬುದ್ಧಿ" ಎಂದಳು.

ಮನೆಗೆ ಬಂದು ಒಳ್ಳೆಯ ಬಿಳಿ ಹಾಳೆಯಲ್ಲಿ ನಿಧಾನವಾಗಿ ಎತ್ತಿ ಬರೆದೆ. ಶಾಲೆಯಲ್ಲಿ ಕನ್ನಡ ಮೇಡಂ ಆಡುಮಾತು ಕಂಡಲ್ಲೆಲ್ಲ ಕೆಂಪು ಗೆರೆ ಎಳೆಯುತ್ತಿದ್ದರು. "ಮುಗಿದ ಮೇಲೆ" ಎಂಬುದು ನನಗೆ ಅರ್ಧ ಮಾತಿನಂತೆ ಕಂಡಿತು. ಅನ್ನ ಮುಗಿಯುತ್ತದೆ, ಎಣ್ಣೆ ಮುಗಿಯುತ್ತದೆ, ಕಬ್ಬನ್ನು ಕಡಿಯುತ್ತಾರೆ. ನೋಟ್‌ಬುಕ್ಕಿನ ಹಾಳೆಯಲ್ಲಿ ಅದನ್ನು ಹೊಡೆದುಹಾಕಿ, ಬಿಳಿ ಹಾಳೆಯಲ್ಲಿ "ಕಬ್ಬು ಕಡಿದ ಮೇಲೆ ಜಮೀನನ್ನು ಹಿಂದಿರುಗಿಸತಕ್ಕದ್ದು" ಎಂದು ಬರೆದೆ. ಆ "ತಕ್ಕದ್ದು" ನೋಡಿ ನನಗೇ ಹೆಮ್ಮೆಯಾಗಿತ್ತು. ಮಾರನೇ ದಿನ ಕೊಂಡುಹೋದಾಗ ದೊಡ್ಡಸಿದ್ದಯ್ಯನವರಿಗೆ ಕನ್ನಡಕ ಸಿಗಲಿಲ್ಲ, ಹಾಗೇ ರುಜು ಹಾಕಿದರು. ದೊಡ್ಡವ್ವ ಹೆಬ್ಬೆಟ್ಟು ಒತ್ತಿದಳು. ಯಾರೂ ಓದಿಸಲಿಲ್ಲ, ನಾನೂ ಓದಿ ಹೇಳಲಿಲ್ಲ. ಕಾಗದ ಒಂದೇ, ಅದು ಅವರ ಪೆಟ್ಟಿಗೆಗೆ ಹೋಯಿತು.

ಆ ವರ್ಷ ದೊಡ್ಡವ್ವ ಮೊದಲ ಸಲ ಹತ್ತು ಗಾಡಿ ಗೊಬ್ಬರ ಹೊಡೆಸಿದಳು. ಬಿತ್ತನೆ ಕಬ್ಬು, ಉಳುಮೆ, ಆಳು, ಎಲ್ಲ ಅವಳದೇ. ಕಬ್ಬಿನಲ್ಲಿ ಮೊದಲ ಬೆಳೆಗೆ ತನಿ ಎನ್ನುತ್ತಾರೆ. ಅದನ್ನು ಕಡಿದ ಮೇಲೆ ಬೊಡ್ಡೆಯಿಂದ ತಾನಾಗಿ ಚಿಗುರಿ ಬರುವುದು ಕೂಳೆ. ತನಿ ಖರ್ಚಿಗೆ ಸರಿಯಾಗುತ್ತದೆ, ಕೈಗೆ ಏನಾದರೂ ಉಳಿಯುವುದು ಕೂಳೆಯಲ್ಲಿ. ಎರಡು ಕೂಳೆ ತೆಗೆದು ನಮ್ಮ ಮನೆಯ ಹಿಂದಿನ ಗೋಡೆ ಕಟ್ಟಿಸಬೇಕೆಂದು ಅವಳ ಲೆಕ್ಕ.

ಮಾರನೇ ವರ್ಷ ಮಾರ್ಚಿನಲ್ಲಿ ಕಬ್ಬು ಕಡಿದು ಆಲೆಮನೆಗೆ ಹೊಡೆದಾಯಿತು. ತರಗು ಸುಟ್ಟು, ನೀರು ಹಾಯಿಸಿ, ಹತ್ತು ದಿನಕ್ಕೆ ಸಾಲಿನ ತುಂಬ ಹಸಿರು ಮೊಳಕೆ ಬಂತು. ಆಗ ದೊಡ್ಡಸಿದ್ದಯ್ಯನವರ ಮಗ ರುದ್ರೇಶ್ ಗದ್ದೆಗೇ ಬಂದು, ಯುಗಾದಿಯೊಳಗೆ ಜಾಗ ಬಿಡು, ಕೇರಳದವರು ಶುಂಠಿಗೆ ಕೇಳಿದ್ದಾರೆ ಎಂದನಂತೆ. ದೊಡ್ಡವ್ವ ಗುದ್ದಲಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದಳು. ಆ ಸಂಜೆ ಊಟ ಮಾಡಲಿಲ್ಲ. ಕಾಗದದಲ್ಲಿ ಏನು ಬರೆದಿದ್ದೆ ಎಂದು ಒಂದೇ ಸಲ ಕೇಳಿದಳು. ನಾನು ಹೇಳಿದೆ. ಅವಳು ಬಯ್ಯಲಿಲ್ಲ, ಗೋಡೆಗೆ ಒರಗಿ ಕುಳಿತಳು.

ಬೆಳಿಗ್ಗೆ ಇಬ್ಬರೂ ಹದಿನಾರಿಗೆ ಹೋದೆವು. ರುದ್ರೇಶ್ ಕಾಗದ ತಂದು ಆ ಸಾಲನ್ನು ಎರಡು ಸಲ ಓದಿದ.

"ಕಡಿದ ಮೇಲೆ ಅಂತ ಅದೆ. ಕಡುದ್ದಾಯ್ತಲ್ಲ ಗೋವಿಂದಮ್ಮ, ಇನ್ನೇನು?"

"ಕಡುದ್ರೆ ಕಬ್ಬು ಮುಗ್ದೋದದಾ ಬುದ್ಧಿ?" ದೊಡ್ಡವ್ವ ನೆಲ ನೋಡಿಕೊಂಡೇ ಹೇಳಿದಳು. "ಕೂದ್ಲು ಕತ್ರುಸ್ಕಂಡ್ರೆ ತಲೆ ಓಯ್ತದಾ?"

ದೊಡ್ಡಸಿದ್ದಯ್ಯನವರಿಗೆ ನಗು ಬಂತು. ತಮ್ಮ ಬೋಳು ತಲೆ ಸವರಿಕೊಂಡು, "ನಂದು ಎರಡೂ ಮುಗುದದೆ ಕಣವ್ವ" ಎಂದರು. ರುದ್ರೇಶ್ ನಗಲಿಲ್ಲ. ನೀವು ಅಂದಿದ್ದು ಬೇಡ ಅಪ್ಪಾಜಿ, ಬರೆದಿರುವುದು ನೋಡಿ ಎಂದ. ಒಂದು ವರ್ಷದ ಹಿಂದೆ ಏನು ಅಂದಿದ್ದರೋ ದೊಡ್ಡಸಿದ್ದಯ್ಯನವರಿಗೂ ಸರಿಯಾಗಿ ನೆನಪಿರಲಿಲ್ಲ.

ನನಗೆ ಗಂಡಸರ ಎದುರು ಮಾತು ಬರುವುದಿಲ್ಲ. ಲಂಗದ ನೆರಿಗೆಯಲ್ಲಿ ಮಡಚಿ ತಂದಿದ್ದ ಹಳೆಯ ನೋಟ್‌ಬುಕ್ಕಿನ ಹಾಳೆಯನ್ನು ತೆಗೆದು ಜಗಲಿಯ ತುದಿಯಲ್ಲಿ ಇಟ್ಟೆ. ನಾನು ಬರೆದದ್ದನ್ನು ಎಸೆಯುವವಳಲ್ಲ. ಅದರಲ್ಲಿ "ಮುಗಿದ" ಎಂಬುದರ ಮೇಲೆ ಗೆರೆ, ಅದರ ತಲೆಯ ಮೇಲೆ "ಕಡಿದ".

"ನೀವು ಮುಗುದ್ಮೇಲೆ ಅಂದ್ರಿ ಬುದ್ಧಿ. ಚೆನ್ನಾಗಿರ್ಲಿ ಅಂತ ನಾನೇ ತಿದ್ದುದ್ದು" ಎಂದೆ.

ಈ ಸಲ ಅವರು ಕನ್ನಡಕ ತರಿಸಿಕೊಂಡರು. ತುಂಬ ಹೊತ್ತು ಹಾಳೆ ನೋಡಿದರು. ಇದು ನನ್ನ ಮಾತೇ ಎಂದು ಮಗನಿಗೆ ಹೇಳಿದರು. ಅವನು, ಹಾಗಾದರೆ ಮೂರು ಕೂಳೆ, ನಾಲ್ಕು ಕೂಳೆ ಅಂತ ಇವರು ಹೊರಡುವುದೇ ಇಲ್ಲ, ಮುಗಿಯುವುದು ಯಾವಾಗ ಎಂದು ಕೇಳಿದ. ಅವನ ಮಾತಿನಲ್ಲೂ ಸುಳ್ಳಿರಲಿಲ್ಲ. ಮಧ್ಯಾಹ್ನದವರೆಗೆ ಮಾತಾಯಿತು. ದೊಡ್ಡವ್ವ ಎರಡು ಕೂಳೆ ಕೇಳಿದಳು. ಕೊನೆಗೆ ಒಂದು ಕೂಳೆ ಎಂದು ತೀರ್ಮಾನವಾಯಿತು. ಅದನ್ನು ಕಡಿದು, ಬೊಡ್ಡೆ ಅಗೆದು, ಮಟ್ಟ ಮಾಡಿ ಜಮೀನು ಒಪ್ಪಿಸಬೇಕು. ಗುತ್ತಿಗೆಯೂ ನೀರೂ ಮೊದಲಿನಂತೆ. ದೊಡ್ಡವ್ವ ತಲೆಯಾಡಿಸಿದಳು. ಬೊಡ್ಡೆ ಅಗೆಯುವುದು ಹದಿನೈದು ಆಳಿನ ಕೆಲಸ. ಅದರಲ್ಲಿ ಅರ್ಧ ಅವಳೊಬ್ಬಳ ಬೆನ್ನಿನ ಮೇಲೇ ಬೀಳುತ್ತದೆ.

ವಾಪಸ್ಸು ಬರುವಾಗ ನಾಲೆ ಏರಿಯ ಮೇಲೆ ಎರಡು ಸಲ ಕುಳಿತಳು. ಮಂಡಿ ನೋವು. ನಾನು ತಪ್ಪಾಯಿತು ಎಂದೆ.

"ಒಂದ್ ಪದುಕ್ಕೆ ಒಂದ್ ಕೂಳೆ ಓಯ್ತು. ಒಂದ್ ಉಳೀತಲ್ಲ, ಬುಡು" ಎಂದಳು. ಆಮೇಲೆ, "ಗೋಡೆ ಅರ್ಧುಕ್ಕೆ ನಿಲ್ಲುಸ್ಬುಟ್ರೆ ಆಯ್ತು. ನಾಯಿ ಬರ್ದಂಗೆ" ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

ಹೊಸ ಪತ್ರವನ್ನೂ ನಾನೇ ಬರೆಯಬೇಕಂತೆ, ದೊಡ್ಡಸಿದ್ದಯ್ಯನವರು ಹೇಳಿದ್ದಾರೆ. ನಾಳೆ ಎರಡು ಬಿಳಿ ಹಾಳೆ ತರುತ್ತೇನೆ. ಅವರು ಹೇಳಿದ ಮಾತನ್ನು ತಿದ್ದದೆ ಹಾಗೇ ಬರೆಯುತ್ತೇನೆ. ಅನುಮಾನ ಬಂದ ಪದವನ್ನು ಅಲ್ಲೇ ಕೇಳುತ್ತೇನೆ. ರುಜು ಹಾಕುವ ಮೊದಲು ಇಬ್ಬರಿಗೂ ಕೇಳುವಂತೆ ಗಟ್ಟಿಯಾಗಿ ಓದುತ್ತೇನೆ. ಒಂದು ಪ್ರತಿ ಅವರಿಗೆ ಕೊಟ್ಟು, ಇನ್ನೊಂದನ್ನು ನಮ್ಮ ಟ್ರಂಕಿನಲ್ಲಿ ಇಡುತ್ತೇನೆ.