ಹೊಡೆಯದೆ ಬಿಟ್ಟ ಶಬ್ದ

ಈಗಿನವರು ಬಯೋಡೇಟಾ ಅನ್ನುವುದಕ್ಕೆ ನಾವು ‘ನೌಕರಿಯ ಹಕೀಕತ್ತು’ ಅನ್ನುತ್ತಿದ್ದೆವು. ಬೇರೆ ಊರಿಗೆ ವರ್ಗ ಕೇಳುವ ಅರ್ಜಿಯ ಜೊತೆ ಅದನ್ನು ಲಗತ್ತಿಸಬೇಕು. ಪಾಸಾದ ಪರೀಕ್ಷೆಗಳು, ಕಲಿಸಿದ ಸಾಲೆಗಳು, ಇನ್ಸ್‌ಪೆಕ್ಟರರು ಬರೆದ ಷರಾಗಳು; ಕೊನೆಯಲ್ಲಿ, ವರ್ಗ ಯಾಕೆ ಬೇಕೆಂಬ ಮನೆಯ ಕಾರಣ.

ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಬಂದ ಜ್ವರದಲ್ಲಿ ಹೆಂಡತಿ ಹೋದಳು. ನಾನು ಹುನಗುಂದದ ಸಾಲೆಯಲ್ಲಿದ್ದೆ. ಮಗಳು ಬಾಗಲಕೋಟೆಯಲ್ಲಿ, ಅವಳ ಅಜ್ಜಿಯ ಮನೆಯಲ್ಲಿ. ಮಗಳ ಕಾಲಿಗೆ ಅಲ್ಲಿಯ ದವಾಖಾನೆಯ ಉಪಚಾರ ನಡೆದಿತ್ತು. ಅವಳ ಬಳಿ ಹೋಗಬೇಕಿತ್ತು, ಅಷ್ಟೇ. ನನಗೆ ಅಳು ಬರುತ್ತಿರಲಿಲ್ಲ. ಹಸಿವೂ ಅಷ್ಟಕ್ಕಷ್ಟೆ. ಬೆಳಿಗ್ಗೆ ರುಮಾಲು ಸುತ್ತಿ ಸಾಲೆಗೆ ಹೋಗಿ ಮಗ್ಗಿ ಹೇಳಿಸುತ್ತಿದ್ದೆ.

ಹಿಂದಿನ ವರ್ಷ ತಿರಸ್ಕೃತವಾದ ಅರ್ಜಿಯ ಪ್ರತಿ ಪೆಟ್ಟಿಗೆಯಲ್ಲಿತ್ತು. ಅದನ್ನೇ ನೋಡಿ ಹಕೀಕತ್ತಿನ ಕರಡು ಬರೆದೆ. ಇಳಕಲ್ಲಿನಲ್ಲಿ ನನ್ನ ಹೆಡ್‌ಮಾಸ್ತರರಾಗಿದ್ದ ಮುಸಲ್ಮಾನ ಹಿರಿಯರು ಆಗ ಅಮೀನಗಡದಲ್ಲಿದ್ದರು. ಅವರಿಗೆ ಪತ್ರ ಬರೆದು ಕರಡನ್ನು ಒಳಗಿಟ್ಟೆ:

“ಪರೀಕ್ಷೆ ಮೊದಲಿರಲೋ, ನೌಕರಿ ಮೊದಲಿರಲೋ ತಿಳಿಸಬೇಕು. ಷರಾಗಳಲ್ಲಿ ಯಾವುದು ಸಾಕು, ಯಾವುದು ಹೆಚ್ಚೆಂದು ಗುರುತು ಮಾಡಬೇಕು. ಮನೆಯ ಕಾರಣ ಬೇಡಿಕೊಂಡಂತೆ ಕಾಣುತ್ತದೆಯೇ ನೋಡಬೇಕು. ತಪ್ಪಿದ್ದನ್ನು ಸಂಕೋಚವಿಲ್ಲದೆ ಹೊಡೆದುಹಾಕಬೇಕು. ತಿಂಗಳ ಕೊನೆಗೆ ಅರ್ಜಿ ವಿಜಾಪುರದ ಕಚೇರಿ ಮುಟ್ಟಬೇಕಾದ್ದರಿಂದ ಬರುವ ಸೋಮವಾರದೊಳಗೆ ಕರಡು ನನ್ನ ಕೈಸೇರಿದರೆ ಉಪಕಾರ.”

ಟಪಾಲು ಬರಲಿಲ್ಲ. ಭಾನುವಾರ ಅವರೇ ಚಕ್ಕಡಿಯಲ್ಲಿ ಬಂದಿಳಿದರು. ಮೈತುಂಬ ಧೂಳು.

“ನೀವ್ಯಾಕ ಬರಾಕ ಹೋದ್ರಿ, ಸಾಹೇಬ್ರ?” ಎಂದೆ.

“ಟಪಾಲಿಗೆ ಹಾಕೂದಲ್ರಿ ಇದು,” ಎನ್ನುತ್ತ ಕರಡು ಬಿಚ್ಚಿದರು.

ಕೆಂಪು ಶಾಯಿ ಧಾರಾಳವಾಗಿ ಹರಿದಿತ್ತು. ನೌಕರಿಯನ್ನು ಮೇಲಕ್ಕೆ ತಂದಿದ್ದರು. ನಾನು ಹೆಮ್ಮೆಪಟ್ಟು ಬರೆದ ಷರಾಗಳಲ್ಲಿ ಎರಡನ್ನುಳಿಸಿ ಉಳಿದವನ್ನೆಲ್ಲ ಹೊಡೆದಿದ್ದರು. ಇಳಕಲ್ಲಿನಲ್ಲಿದ್ದಾಗಲೂ ನನ್ನ ಬರಹದ ಮೇಲೆ ಅವರಿಗೆ ದಯೆ ಅಂತ ಇರಲಿಲ್ಲ. ಕೊನೆಯ ಸಾಲನ್ನು ಮಾತ್ರ ಮುಟ್ಟಿರಲಿಲ್ಲ.

“ಕಾರಣ ಸರಿ ಐತೇನ್ರಿ?”

“ಖರೆ ಐತ್ರಿ. ಬೇಡಿಕೊಂಡಂಗ ಏನೂ ಇಲ್ಲ. ಒಂದು ಶಬ್ದ ಹೊಡೀಬೇಕಿತ್ತು. ದೌತಿ ಮುಂದಿಟ್ಕೊಂಡು ಭಾಳ ಹೊತ್ತು ಕುಂತೆ. ನನ್ನ ಕೈಲೆ ಆಗಲಿಲ್ರಿ, ಮಾಸ್ತರ.”

ಸಾಲು ಹೀಗಿತ್ತು: ‘ಮಗಳ ಕಾಲಿನ ಉಪಚಾರ ಬಾಗಲಕೋಟೆಯಲ್ಲಿ ನಡೆದಿದೆ. ಅವಳ ಬಳಿ ತಾಯಿ ಇರಬೇಕಾದ್ದರಿಂದ ಅಲ್ಲಿಗೆ ವರ್ಗವಾಗಬೇಕೆಂದು ವಿನಂತಿ.’

ಹೆಂಡತಿ ಇದ್ದಾಗ ಬರೆದ ಹಳೆಯ ಅರ್ಜಿಯಿಂದ ಅದನ್ನೂ ಹಾಗೇ ಎತ್ತಿ ಬರೆದಿದ್ದೆ. ಬರೆಯುವಾಗ ಕೈ ನಿಂತಿರಲಿಲ್ಲ. ಮರಳಿ ಓದಿದಾಗಲೂ ಕಂಡಿರಲಿಲ್ಲ.

ಅವರು ಲೆಕ್ಕಣಿಕೆಯನ್ನು ನನ್ನ ಕಡೆ ಸರಿಸಿ, ನೀರು ಕುಡಿಯುವ ನೆಪದಲ್ಲಿ ಎದ್ದು ಹೊರಗೆ ಹೋದರು. ನಾನು ‘ತಾಯಿ’ಯ ಮೇಲೆ ಒಂದು ಗೆರೆ ಎಳೆದೆ. ಅದರ ಮೇಲೆ ‘ನಾನು’ ಎಂದು ಬರೆದೆ. ಸಾಲನ್ನು ಓದಿ ನೋಡಿದೆ. ಅರ್ಥ ಕೂಡಿತ್ತು. ಆಗ ಅಳು ಬಂತು.