ಫಹ್ಮಿದಾ ನುಂಗಿಕೊಂಡ ಪ್ರಶ್ನೆ

ಎರಡು ಸಾವಿರದ ಒಂದನೇ ಇಸವಿಯ ಜನವರಿ. ಇಂದಿರಾನಗರದಲ್ಲಿ ಒಂದು ಮನೆಯ ಮಹಡಿಯನ್ನೇ ಆಫೀಸು ಮಾಡಿಕೊಂಡಿದ್ದ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಸೋಮವಾರ ಬೆಳಿಗ್ಗೆ ಫಹ್ಮಿದಾ ಕೆಲಸಕ್ಕೆ ಸೇರಿದಳು. ಶಿವಾಜಿನಗರದ ಹುಡುಗಿ. ಅಪ್ಪ ಜಿಯಾವುಲ್ಲಾ ರಸೆಲ್ ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದರು. ಬಿಚ್ಚಿದ ಗಡಿಯಾರದ ಬಗ್ಗೆ ಮಗಳು ಏನು ಕೇಳಿದರೂ ಕನ್ನಡಕ ತೆಗೆದಿಟ್ಟು ಉತ್ತರ ಹೇಳುವ ಮನುಷ್ಯ. ಹಾಗಾಗಿ ಕೇಳುವುದು ತಪ್ಪು ಎಂದು ಆ ಹುಡುಗಿಗೆ ಇಪ್ಪತ್ತೆರಡು ವರ್ಷ ಯಾರೂ ಕಲಿಸಿರಲಿಲ್ಲ. ಅದನ್ನು ಕಲಿಸಲು ಜಗನ್‌ಗೆ ಎರಡೇ ದಿನ ಸಾಕಾಯಿತು.

ಜಗನ್ ಅವಳ ಸೀನಿಯರ್. ಹಲಸೂರಿನವನು, ಕೆಲಸದಲ್ಲಿ ಗಟ್ಟಿಗ. ಆದರೆ ನಾಲಗೆ ಮಾತ್ರ ಸದಾ ಮಸೆದಿಟ್ಟ ಚೂರಿ. ಡೇಟಾಬೇಸಿನ ಪಾಸ್‌ವರ್ಡ್ ಏನು ಸಾರ್ ಎಂದು ಸೋಮವಾರ ಅವಳು ಕೇಳಿದಳು.

"ಕೇಳಿದ್ರೆ ಕೊಡ್ತಾರೆ ಅಂತ ನಿಮ್ಮ ಕಾಲೇಜಲ್ಲಿ ಹೇಳ್ಕೊಟ್ರಾ ಮೇಡಂ?"

ಕೋಣೆಯಲ್ಲಿದ್ದ ನಾಲ್ವರೂ ನಕ್ಕರು. ಪಾಸ್‌ವರ್ಡ್ ಅನ್ನು ಮಧ್ಯಾಹ್ನ ಒಂದು ಚೀಟಿಯಲ್ಲಿ ಬರೆದು ಕೊಟ್ಟನೇನೋ ನಿಜ. ಆದರೆ ಆ ನಗು ಅವಳ ಕಿವಿಯಲ್ಲೇ ಉಳಿಯಿತು.

ಅವಳಿಗೆ ಕೊಟ್ಟ ಕೆಲಸ ಹಲಸೂರಿನ ಒಂದು ರಕ್ತಪರೀಕ್ಷೆಯ ಲ್ಯಾಬಿನದು. ರಕ್ತದ ಸೀಸೆಗಳಿಗೆ ಅಲ್ಲಿ ದಿನಾ ಒಂದರಿಂದ ನಂಬರು. ಇಂದಿಗೂ ಒಂದು ಹನ್ನೆರಡನೇ ನಂಬರು, ನಿನ್ನೆಗೂ ಒಂದು ಹನ್ನೆರಡನೇ ನಂಬರು. ನಿನ್ನೆಯ ಸೀಸೆಯನ್ನು ಇನ್ನೊಮ್ಮೆ ಪರೀಕ್ಷೆಗೆ ಹಾಕುವಾಗ ಪರದೆಯಲ್ಲಿ ನಿನ್ನೆಯ ತಾರೀಖು ಆರಿಸಬೇಕು. ಆದರೆ ಕಂಪನಿ ನವೆಂಬರ್ ಮೊದಲಲ್ಲಿ ಕೊಟ್ಟಿದ್ದ ಪ್ರೋಗ್ರಾಂ ಆ ತಾರೀಖನ್ನು ನೋಡುತ್ತಲೇ ಇರಲಿಲ್ಲ, ಬರೀ ನಂಬರು ನೋಡಿ ಇಂದಿನ ಹನ್ನೆರಡನೆಯವರ ವರದಿಗೆ ಅಂಟಿಸಿಬಿಡುತ್ತಿತ್ತು. ಯಾರದೋ ಸಕ್ಕರೆ ಕಾಯಿಲೆ ಇನ್ಯಾರದೋ ಕಾಗದದ ಮೇಲೆ. ಲ್ಯಾಬಿನ ಸುಭದ್ರಮ್ಮ ಇದನ್ನು ಕಂಡುಹಿಡಿದು, ಅಂದಿನಿಂದ ಪ್ರತಿ ವರದಿಯನ್ನೂ ಕೈಬರಹದ ರಿಜಿಸ್ಟರಿಗೆ ತಾಳೆ ನೋಡಿಯೇ ಕೊಡುತ್ತಿದ್ದರು. ಮಗಳ ಬಾಣಂತನಕ್ಕೆಂದು ಶನಿವಾರದಿಂದ ಅವರಿಗೆ ರಜೆ. ಬದಲಿಗೆ ಬರುವಾಕೆ ಹೊಸಬಳು, ಯಂತ್ರ ಕೊಟ್ಟದ್ದನ್ನು ಹಾಗೇ ಕೊಡುವವಳು. ಆದ್ದರಿಂದ ತಿದ್ದಿದ ಪ್ರೋಗ್ರಾಂ ಶುಕ್ರವಾರ ಸಂಜೆಯೊಳಗೆ ಸೀಡಿಯಲ್ಲಿ ಲ್ಯಾಬಿಗೆ ಮುಟ್ಟಲೇಬೇಕಿತ್ತು.

ಕಂಪನಿಯ ಕೋಡೆಲ್ಲ ಸರ್ವರಿನ ಒಂದು ಖಜಾನೆಯಲ್ಲಿರುತ್ತಿತ್ತು. ಅದನ್ನು ಎಲ್ಲರೂ ಸೇಫ್ ಎನ್ನುತ್ತಿದ್ದರು. ತಿದ್ದುವವರು ಫೈಲನ್ನು ತಮ್ಮ ಹೆಸರಿಗೆ ಚೆಕ್ ಔಟ್ ಮಾಡಬೇಕು, ತಿದ್ದಿ ಮುಗಿಸಿದ ಮೇಲೆ ಚೆಕ್ ಇನ್ ಮಾಡಬೇಕು. ನಡುವೆ ಬೇರೆಯವರು ಆ ಫೈಲನ್ನು ತಿದ್ದುವಂತಿಲ್ಲ. ಅವರ ಕಂಪ್ಯೂಟರಿನಲ್ಲಿ ಅದು ಓದಲಷ್ಟೇ ಸಿಗುತ್ತದೆ. ಇದನ್ನು ಅವಳಿಗೆ ಯಾರೂ ಹೇಳಿಕೊಡಲಿಲ್ಲ. ಮಂಗಳವಾರ ಅವಳು ಚೆಕ್ ಔಟ್ ಒತ್ತಿದಾಗ, ಈ ಫೈಲು ಚನ್ನು ಎಂಬವರ ಬಳಿ ಇದೆ ಎಂದು ಪರದೆ ಹೇಳಿತು.

"ಚನ್ನು ಅಂದ್ರೆ ಯಾರು ಸಾರ್?"

"ಮುಖ್ಯಮಂತ್ರಿ. ಪೇಪರ್ ಓದಲ್ವಾ?" ಎಂದ ಜಗನ್, ತಲೆ ಎತ್ತದೆ.

ಮತ್ತೆ ನಗು. ಫಹ್ಮಿದಾ ಕೆಂಪಾದಳು. ಇನ್ನು ಈ ಮನುಷ್ಯನನ್ನು ಏನೂ ಕೇಳುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದಳು. ಫೈಲಿನ ಪ್ರಾಪರ್ಟೀಸ್ ತೆರೆದು, ಓದಲು ಮಾತ್ರ ಎಂಬ ಕಡೆ ಇದ್ದ ಟಿಕ್ ತೆಗೆದಳು. ಫೈಲು ತೆಪ್ಪಗೆ ಬಾಗಿಲು ತೆರೆಯಿತು. ಹೇಳಿ, ಈ ತಪ್ಪು ಅವಳೊಬ್ಬಳದೇ? ನಾನಂತೂ ಒಪ್ಪುವುದಿಲ್ಲ.

ಮೂರು ದಿನ ತಲೆ ಬಗ್ಗಿಸಿ ದುಡಿದಳು. ಫಲಿತಾಂಶ ಯಾರದೆಂದು ಹುಡುಕುವ ಕಡೆಯಲ್ಲೆಲ್ಲ ನಂಬರಿನ ಜೊತೆಗೆ ತಾರೀಖನ್ನೂ ಸೇರಿಸಿದಳು. ಎರಡು ದಿನಕ್ಕೆ ಎರಡು ಹನ್ನೆರಡನೇ ನಂಬರು ಸೃಷ್ಟಿಸಿ, ಅದಲುಬದಲು ಮಾಡಿ ನೋಡಿದಳು. ಅವಳ ಕಂಪ್ಯೂಟರಿನಲ್ಲಿ ಎಲ್ಲವೂ ಸರಿಯಾಗಿತ್ತು. ಗುರುವಾರ ಸಂಜೆ "ಆಯ್ತು ಸಾರ್" ಎಂದಳು. "ಅಲ್ಲಾ, ಇಷ್ಟು ಬೇಗ?" ಎಂದ ಜಗನ್. ಅದೊಂದೇ ಅವನು ಆಡಿದ ಒಳ್ಳೆಯ ಮಾತು. ಅದರಲ್ಲೂ ಕೊಂಕಿತ್ತು.

ಶುಕ್ರವಾರ ಮಧ್ಯಾಹ್ನ ಜಗನ್ ತನ್ನ ಕಂಪ್ಯೂಟರಿನಲ್ಲಿ ಬಿಲ್ಡ್ ಮಾಡಿ, ಅಂದರೆ ಫೈಲುಗಳನ್ನೆಲ್ಲ ಕೂಡಿಸಿ ಪ್ರೋಗ್ರಾಂ ಕಟ್ಟಿ, ಸೀಡಿಗೆ ಬರೆಯಲು ಹಾಕಿದ. ಯಾವುದೋ ಕಾಗದ ಕೊಡಲು ಅವನ ಮೇಜಿನ ಬಳಿ ಹೋದ ಫಹ್ಮಿದಾಗೆ ಅವನ ಪರದೆ ಕಂಡಿತು. ಅವಳು ತಿದ್ದಿದ ಫೈಲಿನ ಎದುರು ಇನ್ನೂ ಚನ್ನುವಿನ ಹೆಸರೇ ಇತ್ತು, ಕೊನೆಯ ಬದಲಾವಣೆ ನವೆಂಬರಿನದು. ಬಿಲ್ಡ್ ಯಾವ ಫೈಲನ್ನು ತೆಗೆದುಕೊಳ್ಳುತ್ತದೆ, ತನ್ನದನ್ನೋ ಸೇಫಿನದನ್ನೋ? ಕೇಳಿದರೆ ಕೋಣೆಯೇ ನಗುತ್ತದೆ. ಕೇಳದಿದ್ದರೆ ನಾಳೆ ಯಾರದೋ ವರದಿ ಯಾರದೋ ಕೈಗೆ.

"ಸಾರ್, ಬಿಲ್ಡ್‌ಗೆ ಫೈಲು ಎಲ್ಲಿಂದ ತಗೋತೀರಾ? ಸೇಫಿಂದಾನಾ?"

"ಇಲ್ಲ ಮೇಡಂ, ರಸೆಲ್ ಮಾರ್ಕೆಟ್ಟಿಂದ. ಕಿಲೋ ಲೆಕ್ಕದಲ್ಲಿ ತರ್ತೀವಿ."

ಎಲ್ಲರೂ ನಕ್ಕರು. ಅವಳು ಜಾಗ ಬಿಟ್ಟು ಕದಲಲಿಲ್ಲ.

"ನಗ್ತಾ ಇರಿ ಸಾರ್, ಪರವಾಗಿಲ್ಲ. ಸೇಫಿಂದ ಆದ್ರೆ ನಾನು ತಿದ್ದಿದ್ದು ಆ ಸೀಡೀಲಿ ಇಲ್ಲ. ನನ್ನ ಫೈಲು ನನ್ನ ಕಂಪ್ಯೂಟ್ರಲ್ಲೇ ಇದೆ. ಚೆಕ್ ಔಟ್ ಆಗ್ಲಿಲ್ಲ, ಟಿಕ್ ತೆಗೆದು ತಿದ್ದಿದೀನಿ."

ನಗು ನಿಂತಿತು. ಜಗನ್ ಸೀಡಿ ಹೊರತೆಗೆದ. ಬಯ್ಯಲು ಬಾಯಿ ತೆರೆದವನು, "ಕೇಳೋಕೆ ಏನಾಗಿತ್ರೀ?" ಎಂದ.

"ಕೇಳಿದ್ದೆ ಸಾರ್. ಮಂಗಳವಾರ."

ಜಗನ್ ಸೇಫಿನ ಅಡ್ಮಿನ್ ಆಗಿ ಲಾಗಿನ್ ಆಗಿ, ಆ ಫೈಲಿನ ಮೇಲಿದ್ದ ಚನ್ನುವಿನ ಹಿಡಿತ ಬಿಡಿಸಲು ಹೊರಟ. ಚನ್ನು ನವೆಂಬರ್ ಕೊನೆಯಲ್ಲಿ ಕೆಲಸ ಬಿಟ್ಟು ಹೋದ ಹುಡುಗ, ಇವಳ ಹಾಗೆಯೇ ಹೊಸಬನಾಗಿದ್ದವನು. ಚೆಕ್ ಔಟ್ ಮಾಡುವಾಗ ಅವನು ಬರೆದಿಟ್ಟ ಟಿಪ್ಪಣಿ ಪರದೆಯ ಮೇಲೆ ಬಂತು. ನವೆಂಬರ್ ಹದಿನಾಲ್ಕು. 'ತಾರೀಖು ಚೆಕ್ ಇಲ್ಲ ಅನ್ಸುತ್ತೆ. ಜಗನ್ ಸಾರ್‌ನ ಕೇಳ್ಬೇಕು.'

ಜಗನ್ ಅದನ್ನು ಎರಡು ಸಲ ಓದಿದ. ಹಿಡಿತ ಬಿಡಿಸಿದ. ಫಹ್ಮಿದಾ ತನ್ನ ಜಾಗಕ್ಕೆ ಹೋಗಿ ಚೆಕ್ ಔಟ್ ಒತ್ತಿದಳು. ನಿಮ್ಮಲ್ಲಿರುವ ಫೈಲಿನ ಮೇಲೆ ಸೇಫಿನದನ್ನು ಹಾಕಲೇ, ನಿಮ್ಮದನ್ನೇ ಬಿಡಲೇ ಎಂದು ಪರದೆ ಕೇಳಿತು. ತಪ್ಪು ಒತ್ತಿದರೆ ಮೂರು ದಿನದ ದುಡಿಮೆ ಮಣ್ಣುಪಾಲು.

"ಯಾವುದು ಒತ್ಲಿ ಸಾರ್?"

"ನಿಮ್ಮದನ್ನೇ ಬಿಡಿ. ಆಮೇಲೆ ಚೆಕ್ ಇನ್ ಮಾಡಿ" ಎಂದ ಅವನು, ಅವಳ ಹಿಂದೆ ಬಂದು ನಿಂತು. ಹೊಸ ಬಿಲ್ಡ್ ಆಯಿತು. ಎರಡು ಹನ್ನೆರಡನೇ ನಂಬರನ್ನೂ ಜಗನ್ ತಾನೇ ಹಾಕಿ ನೋಡಿದ. ಐದು ಗಂಟೆಗೆ ಸೀಡಿ ಲ್ಯಾಬಿಗೆ ಹೊರಟಿತು.

ಸೀಡಿ ಬರುತ್ತಿದೆಯೆಂದು ತಿಳಿಸಲು ಜಗನ್ ಸುಭದ್ರಮ್ಮನಿಗೆ ಫೋನ್ ಮಾಡಿದ. ಸ್ಪೀಕರ್ ಹಾಕಿದ್ದ.

"ನೀವು ರಿಜಿಸ್ಟರ್ ಬರೆದು ತಾಳೆ ನೋಡೋಕೆ ಶುರು ಮಾಡಿದ್ದು ಯಾವಾಗಮ್ಮಾ?"

"ಡಿಸೆಂಬರ್ ಕೊನೇಲಿ ಸಾರ್."

"ಅದಕ್ಕೂ ಮುಂಚೆ?"

"ಮುಂಚೆ ಯಾರು ಬರೆದ್ರು, ಯಾರು ನೋಡಿದ್ರು ಸಾರ್? ಮಿಷಿನ್ ಕೊಟ್ಟಿದ್ದು ಕೊಟ್ವಿ."

ಜಗನ್ ಫೋನ್ ಇಟ್ಟ. ಚನ್ನು ಟಿಪ್ಪಣಿ ಬರೆದ ದಿನದಿಂದ ಆರು ವಾರ. ಚನ್ನು ಅಂದು ಕೇಳಿದ್ದರೆ, ಅಥವಾ ಅವನು ಹೆದರದೆ ಕೇಳಬಹುದಾದವರು ಯಾರಾದರೂ ಇದ್ದಿದ್ದರೆ ಎಂದು ಫಹ್ಮಿದಾ ಯೋಚಿಸಿದಳು. ಅವಳಿಗೆ ಅಳು ಬಂತು, ಜಗನ್ ಮೇಲೆ ಸಿಟ್ಟೂ ಬಂತು. ಅವನು ಕುರ್ಚಿಯೊಂದನ್ನು ಎಳೆದು ಅವಳ ಪಕ್ಕ ಹಾಕಿಕೊಂಡ.

"ಕೂತ್ಕೊಳ್ಳಿ ಫಹ್ಮಿದಾ. ನವೆಂಬರಿಂದ ಒಂದೊಂದೇ ವರದಿ ನೋಡ್ಬೇಕು."

"ಯಾವ ಸೀಸೆ ಎರಡನೇ ಸಲ ಹಾಕಿದ್ದು ಅಂತ ಕಂಪ್ಯೂಟ್ರಲ್ಲಿ ಎಲ್ಲೂ ಇಲ್ವಲ್ಲ ಸಾರ್. ಯಾರ ವರದಿ ತಪ್ಪಾಗಿತ್ತು ಅಂತ ಹೇಗೆ ಗೊತ್ತಾಗುತ್ತೆ?"

ಜಗನ್ ನವೆಂಬರಿನ ಮೊದಲ ವರದಿಯನ್ನು ಪರದೆಯ ಮೇಲೆ ತೆರೆದ.

"ಗೊತ್ತಿಲ್ಲ" ಎಂದ.